ಸಹಾಯ ಬೇಕು: ಚಿಕ್ಕ ಲೋಗೋ ಟ್ರೇಸ್ ಮಾಡಿ ಅಕ್ಷರ ಬದಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನ ಅಂಗಡಿ ಲೋಗೋದಲ್ಲಿ ‘ಸ್ಟೋರ್ಸ್’ ತೆಗೆದು ‘ಟ್ರೇಡರ್ಸ್’ ಅಂತ ಹಾಕಬೇಕು. ಮೂಲ ಫೈಲ್ ಇಲ್ಲ. ಇರುವುದು ವಾಟ್ಸಾಪ್‌ನಲ್ಲಿ ಬಂದ 200 ಪಿಕ್ಸೆಲ್ ಅಗಲದ ಜೆಪೆಗ್ ಮಾತ್ರ. ಹಸಿರು ಉಂಗುರ, ಅದರೊಳಗೆ ಕಮಾನಿನ ಹಾಗೆ ಬಾಗಿದ ಬಿಳಿ ಅಕ್ಷರ, ನಡುವೆ ಒಂದು ತೆನೆ.

ಮೊದಲು ಇಂಕ್‌ಸ್ಕೇಪ್‌ನಲ್ಲಿ ನೇರವಾಗಿ Trace Bitmap ಮಾಡಿದೆ. ಅಂಚೆಲ್ಲಾ ಉಬ್ಬುತಗ್ಗು. ಆಮೇಲೆ ಗಿಂಪ್‌ನಲ್ಲಿ ನಾಲ್ಕು ಪಟ್ಟು ದೊಡ್ಡದು ಮಾಡಿ, ಸ್ವಲ್ಪ ಬ್ಲರ್ ಕೊಟ್ಟು, ಕಪ್ಪು ಬಿಳುಪು ಮಾಡಿ ಟ್ರೇಸ್ ಮಾಡಿದೆ. ಅಂಚು ನಯವಾಯಿತು, ಆದರೆ ಚೂಪಾದ ಮೂಲೆಗಳು ದುಂಡಗಾದವು. ಅಕ್ಷರಗಳು ಬೇರೆ ಆಕಾರಗಳಾಗಿ ಬರಲೇ ಇಲ್ಲ, ಉಂಗುರದಲ್ಲಿ ಕೊರೆದ ತೂತುಗಳಾಗಿ ಬಂದವು. Break Apart ಒತ್ತಿದರೆ ಎಲ್ಲಾ ತುಂಡಿಗೂ ಹಸಿರು ತುಂಬಿಕೊಂಡು ಇಡೀ ಲೋಗೋ ಒಂದು ಬಿಲ್ಲೆಯಾಯಿತು.

ಹಾಗಾಗಿ ಉಂಗುರವನ್ನು ಎರಡು ವೃತ್ತ ಬರೆದು Difference ಮಾಡಿ ಹೊಸದಾಗಿ ಮಾಡಿಕೊಂಡೆ. ತೆನೆಯನ್ನು ಪೆನ್ ಟೂಲ್‌ನಲ್ಲಿ ಕೈಯಾರೆ ಬರೆದೆ. ಇವೆರಡೂ ಚೆನ್ನಾಗಿವೆ.

ಸಿಕ್ಕಿಕೊಂಡಿರುವುದು ಅಕ್ಷರದಲ್ಲಿ. ಹಳೆಯದು ಕೈಬರಹದ ಶೈಲಿ, ಯಾವ ಫಾಂಟೂ ಹೊಂದುತ್ತಿಲ್ಲ. ಕೊನೆಯ ‘ರ್ಸ್’ ಎರಡಕ್ಕೂ ಒಂದೇ, ಅದನ್ನು ಉಳಿಸಿಕೊಳ್ಳಬಹುದು. ‘ಟ್ರೇಡ’ ಮಾತ್ರ ಹೊಸದಾಗಿ ಬೇಕು. ಹಳೆಯದರಲ್ಲಿ ಟ ಒತ್ತಾಗಿ ಮಾತ್ರ ಇದೆ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಫಾಂಟ್ ತೆಗೆದುಕೊಂಡು Put on Path ಮಾಡಿದರೆ ರ ಒತ್ತು ಉಂಗುರದ ಒಳ ಅಂಚಿಗೆ ತಾಗುತ್ತದೆ. ಮೇಲೆತ್ತಿದರೆ ಏತ್ವ ಹೊರ ಅಂಚಿಗೆ ತಾಗುತ್ತದೆ. ಚಿಕ್ಕದು ಮಾಡಿದರೆ ಪಕ್ಕದ ಹೆಸರಿಗಿಂತ ತೆಳ್ಳಗೆ ಕಾಣುತ್ತದೆ.

ಈ ಮೂರು ಅಕ್ಷರ ಭಾಗಗಳನ್ನು ಹಳೆಯ ಅಕ್ಷರಗಳ ದಪ್ಪ ನೋಡಿಕೊಂಡು ಕೈಯಾರೆ ಬರೆಯುವುದೇ ಸರಿಯಾ, ಅಥವಾ ಇಡೀ ಹೆಸರನ್ನೇ ಒಂದೇ ಫಾಂಟ್‌ಗೆ ಬದಲಿಸಬೇಕಾ? ಕೈಯಾರೆ ಅಂದರೆ, ಮೊದಲು ನೇರ ಗೆರೆಯ ಮೇಲೆ ಬರೆದು ಆಮೇಲೆ ಬಗ್ಗಿಸಬೇಕಾ, ಇಲ್ಲಾ ಕಮಾನಿನ ಮೇಲೇ ಬರೆಯಬೇಕಾ?