ಮೊದಲು ರಿಜಿಸ್ಟರ್, ಆಮೇಲೆ ಧಾರೆ ಅಂದ್ರೆ ಸ್ವಲ್ಪ ನಿಲ್ಲಿ

ಮೂಡಿಗೆರೆಯ ತಮ್ಮ ಕೇಳಿದ ಪ್ರಶ್ನೆಗೆ ಇಲ್ಲೇ ಉದ್ದವಾಗಿ ಬರೆಯುತ್ತೇನೆ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಆಗಾಗ ಬರುತ್ತಿರುತ್ತದೆ.

ಅವರ ವಿಷಯ ಇಷ್ಟು. ಹುಡುಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ, ಹುಡುಗಿ ಬೇಲೂರಿನವಳು. ನಿಶ್ಚಿತಾರ್ಥ ಆಗಿದೆ. ಛತ್ರ ಸಿಕ್ಕಿರುವುದು ಫೆಬ್ರವರಿಗೆ, ರಜೆ ಸಿಗುವುದು ಮೂರೇ ವಾರ. ಯಾರೋ ಏಜೆಂಟ್ ಹೇಳಿದ್ದಾನಂತೆ: "ದೇವಸ್ಥಾನದಿಂದ ಒಂದು ಮದುವೆ ಸರ್ಟಿಫಿಕೇಟ್ ತರಿಸ್ತೀನಿ, ಅದನ್ನಿಟ್ಟು ಈಗಲೇ ರಿಜಿಸ್ಟರ್ ಮಾಡಿಸೋಣ. ಧಾರೆ ಆಮೇಲೆ ಆರಾಮಾಗಿ ಮಾಡ್ಕೊಳ್ಳಿ, ಅಷ್ಟರಲ್ಲಿ ವೀಸಾ ಬಂದಿರತ್ತೆ." ಮನೆಯವರಿಗೂ ಇದು ಸರಿ ಅನ್ನಿಸಿದೆ.

ದಯವಿಟ್ಟು ಬೇಡ. ಮದುವೆ ಆಗದೆ ಬರೆಸಿದ ನೋಂದಣಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಹಿಂದೂ ವಿವಾಹ ಕಾಯ್ದೆ 1955ರದ್ದು. ಅದರ 7ನೇ ಸೆಕ್ಷನ್ ಪ್ರಕಾರ ಗಂಡು ಅಥವಾ ಹೆಣ್ಣಿನ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರೆ ಮಾತ್ರ ಮದುವೆ. ನಿಮ್ಮ ಪದ್ಧತಿಯಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. 8ನೇ ಸೆಕ್ಷನ್‌ನ ನೋಂದಣಿ ಇರುವುದು ಆಗಿಹೋದ ಮದುವೆಗೆ ಸಾಕ್ಷಿ ಸಿಗಲಿ ಅಂತ. ನೋಂದಣಿ ಮಾಡಿಸಲಿಲ್ಲ ಅಂತ ಮದುವೆ ಬಿದ್ದುಹೋಗುವುದಿಲ್ಲ. ಹಾಗೆಯೇ ನೋಂದಣಿ ಮಾಡಿಸಿದ ಮಾತ್ರಕ್ಕೆ ಇಲ್ಲದ ಮದುವೆ ಹುಟ್ಟುವುದೂ ಇಲ್ಲ.

ಇದು ಬರೀ ವಾದವಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಬ್ಬರು ಪೈಲಟ್‌ಗಳ ಪ್ರಕರಣ ಬಂತು. ಅವರೂ ಇದನ್ನೇ ಮಾಡಿದ್ದರು. 2021ರಲ್ಲಿ ಒಂದು ಸಮಿತಿಯಿಂದ ಮದುವೆ ಸರ್ಟಿಫಿಕೇಟ್ ತೆಗೆದುಕೊಂಡು, ಅದರ ಮೇಲೆ ಉತ್ತರ ಪ್ರದೇಶದಲ್ಲಿ ನೋಂದಣಿ ಮಾಡಿಸಿದ್ದರು. ನಿಜವಾದ ಮದುವೆಗೆ ಇಟ್ಟುಕೊಂಡಿದ್ದ ದಿನ 2022ರಲ್ಲಿ. ನಡುವೆ ಜಗಳವಾಗಿ, ಆಮೇಲೆ ವಿಚ್ಛೇದನದ ಅರ್ಜಿ ಬಿತ್ತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಶಾಸ್ತ್ರವೇ ನಡೆದಿಲ್ಲ, ಹಾಗಾಗಿ ಇದು ಮದುವೆಯೇ ಅಲ್ಲ ಎಂದಿತು. ಸಮಿತಿಯ ಸರ್ಟಿಫಿಕೇಟೂ, ಅದರ ಮೇಲೆ ಕೊಟ್ಟ ನೋಂದಣಿ ಪತ್ರವೂ ಎರಡೂ ಶೂನ್ಯ ಎಂದಿತು. ವೀಸಾ ಅರ್ಜಿಯಂಥ ಅನುಕೂಲಕ್ಕಾಗಿ ಮದುವೆಗೆ ಮೊದಲೇ ರಿಜಿಸ್ಟರ್ ಮಾಡಿಸುವ ಅಭ್ಯಾಸವನ್ನೂ ಅದೇ ತೀರ್ಪಿನಲ್ಲಿ ಟೀಕಿಸಿದ್ದಾರೆ.

ವೀಸಾ ಕಡೆಯಿಂದಲೂ ನೋಡಿ. ಭಾರತದಲ್ಲಿ ಆದ ಮದುವೆ ಭಾರತದ ಕಾನೂನಿನಂತೆ ಸಿಂಧುವಾಗಿದೆಯಾ ಅನ್ನುವುದು ವೀಸಾ ಅಧಿಕಾರಿಗಳ ಪ್ರಶ್ನೆ. ಅವರ ಕೈಗೆ ಹುಡುಗನ ಪಾಸ್‌ಪೋರ್ಟೂ ಹೋಗುತ್ತದೆ. ಸರ್ಟಿಫಿಕೇಟಿನಲ್ಲಿ ಅಕ್ಟೋಬರ್‌ನಲ್ಲಿ ಬೇಲೂರಿನಲ್ಲಿ ಮದುವೆ ಅಂತಿದೆ, ಪಾಸ್‌ಪೋರ್ಟಿನ ಮುದ್ರೆ ನೋಡಿದರೆ ಆ ತಿಂಗಳು ಅವನು ಭಾರತದಲ್ಲೇ ಇರಲಿಲ್ಲ. ಅಥವಾ ಅರ್ಜಿಗೆ ಲಗತ್ತಿಸಿದ ಫೋಟೋ, ಲಗ್ನಪತ್ರಿಕೆ ಎಲ್ಲ ಫೆಬ್ರವರಿಯದ್ದು. ಸುಳ್ಳು ದಾಖಲೆ ಕೊಟ್ಟರು ಅಂತ ಒಮ್ಮೆ ಬರೆದುಕೊಂಡರೆ ಮುಂದಿನ ಅರ್ಜಿಗಳಿಗೂ ಅದು ಅಂಟಿಕೊಳ್ಳುತ್ತದೆ.

ಹಾಗಾದರೆ ದೇವಸ್ಥಾನದ ಸರ್ಟಿಫಿಕೇಟ್ ದಂಡವಾ? ಅಲ್ಲ. ಅಲ್ಲಿ ನಿಜವಾಗಿ ಮದುವೆ ಆಗಿದ್ದರೆ ಆ ಪತ್ರ, ರಸೀದಿ, ಛತ್ರದ ಬಿಲ್ ಎಲ್ಲವೂ ಉಪನೋಂದಣಾಧಿಕಾರಿಗೆ ತೋರಿಸಲು ಒಳ್ಳೆಯ ಪುರಾವೆ. ವೀಸಾ ಅರ್ಜಿಗೂ ಜೊತೆಗೆ ಇಡಬಹುದು. ಆದರೆ ಅದನ್ನೊಂದೇ ಇಟ್ಟುಕೊಂಡು ಸಂಗಾತಿ ವೀಸಾಕ್ಕೆ ಹೋಗಬೇಡಿ. ಅರ್ಜಿಗೆ ಸರ್ಕಾರದ ನೋಂದಣಿ ಪತ್ರವೇ ಬೇಕು ಅಂದುಕೊಂಡು ಹೊರಡಿ.

ಈಗ ನಮ್ಮ ತಮ್ಮನಿಗೆ ದಾರಿ ಏನು? ನಿಜವಾಗಲೂ ಅವಸರ ಇದ್ದರೆ ಬೇಗ ಒಂದು ಸಣ್ಣ ರಜೆ ಹಾಕಿ ಬನ್ನಿ. ಮನೆದೇವರ ಗುಡಿಯಲ್ಲೋ ಹುಡುಗಿ ಮನೆಯಂಗಳದಲ್ಲೋ ಪುರೋಹಿತರನ್ನು ಕೂರಿಸಿ ಧಾರೆ ಎರೆಸಿಕೊಂಡು, ತಾಳಿ ಕಟ್ಟಿ, ಏಳು ಹೆಜ್ಜೆ ಹಾಕಿ. ಹತ್ತು ಜನ ಇದ್ದರೂ ಅದು ಪೂರ್ತಿ ಮದುವೆಯೇ. ಅದೇ ದಿನವನ್ನು ಮದುವೆಯ ದಿನಾಂಕ ಅಂತ ಬರೆಸಿ ನೋಂದಣಿ ಮಾಡಿಸಿ. ಫೆಬ್ರವರಿಯಲ್ಲಿ ಛತ್ರದಲ್ಲಿ ಊರಿಗೆಲ್ಲ ಊಟ ಹಾಕಿ, ಆರತಕ್ಷತೆ ಇಟ್ಟುಕೊಳ್ಳಿ. ಅಜ್ಜಿ ಮುನಿಸಿಕೊಳ್ಳಬಹುದು, ಅದನ್ನು ನೀವೇ ಸಂಭಾಳಿಸಬೇಕು.

ಇನ್ನೊಂದು ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಲ್ಲಿ ವಿವಾಹಾಧಿಕಾರಿ ಮುಂದೆ ಒಪ್ಪಿಗೆ ಹೇಳಿ ಸಹಿ ಹಾಕುವುದೇ ಮದುವೆ, ಶಾಸ್ತ್ರ ಬೇಕಿಲ್ಲ. ಬೇರೆ ಬೇರೆ ಧರ್ಮದ ಜೋಡಿಗಳಿಗೆ ಇದೇ ದಾರಿ. ಆದರೆ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಆದ ಮೇಲೆ ಇನ್ನೂ 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು. ಹುಡುಗಿ ಹಾಸನ ಜಿಲ್ಲೆಯಲ್ಲೇ ಇರುವುದರಿಂದ ವಾಸದ ಷರತ್ತು ಅವಳಿಂದ ತೀರುತ್ತದೆ. ಮೂರು ವಾರದ ರಜೆಯಲ್ಲಿ ಶುರುವಿನಿಂದ ಕೊನೆವರೆಗೆ ಮುಗಿಸುತ್ತೇನೆ ಅಂದರೆ ಮಾತ್ರ ಆಗದು.

ಎರಡೂ ಬೇಡ, ಫೆಬ್ರವರಿಗೇ ಮದುವೆ ಅನ್ನುವುದಾದರೆ ಧಾರೆ ಆದ ಮಾರನೇ ಕೆಲಸದ ದಿನವೇ ಮದುವೆ ನಡೆದ ಜಾಗಕ್ಕೆ ಸೇರಿದ ಉಪನೋಂದಣಿ ಕಚೇರಿಗೆ ಹೋಗಿ. ಛತ್ರ ಬೇಲೂರಿನಲ್ಲಿದ್ದರೆ ಬೇಲೂರು. ಮೂವರು ಸಾಕ್ಷಿಗಳು ಬೇಕು. ನೆಂಟರು ಊರಿಗೆ ಹೊರಡುವ ಮುಂಚೆ ಅವರನ್ನು ಹಿಡಿದಿಟ್ಟುಕೊಳ್ಳಿ. ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೂ ಹಿಂದೂ ವಿವಾಹದ ಅರ್ಜಿ ಹಾಕಬಹುದು. ಆದರೆ ಆಧಾರ್‌ಗೆ ಜೋಡಿಸಿದ ಹಳೇ ಸಿಮ್ ಸತ್ತುಹೋಗಿದ್ದರೆ ಒಟಿಪಿ ಬರುವುದಿಲ್ಲ. ವಿದೇಶದಲ್ಲಿರುವ ನಮ್ಮ ಹುಡುಗರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬರುವ ಮುಂಚೆ ಅದನ್ನು ನೋಡಿಕೊಳ್ಳಿ.

ಸಹಿ ಹಾಕುವ ಮೊದಲು ಕರಡನ್ನು ನಿಧಾನವಾಗಿ ಓದಿ. ನಮ್ಮ ಕಡೆ ಆರತಕ್ಷತೆ ಹಿಂದಿನ ದಿನ ಸಂಜೆ, ಧಾರೆ ಮಾರನೇ ಬೆಳಿಗ್ಗೆ. ಲಗ್ನಪತ್ರಿಕೆಯಲ್ಲಿ ಎರಡು ದಿನಾಂಕ ಇರುತ್ತದೆ, ಟೈಪ್ ಮಾಡುವವರ ಕಣ್ಣಿಗೆ ಮೊದಲನೆಯದು ಬೀಳುತ್ತದೆ. ಮದುವೆಯ ದಿನಾಂಕ ಅಂದರೆ ಮುಹೂರ್ತದ ದಿನ. ಸರ್ಟಿಫಿಕೇಟಿನಲ್ಲಿ ನೋಂದಣಿಯ ದಿನ ಬೇರೆಯಾಗಿಯೇ ಇರುತ್ತದೆ, ಗಾಬರಿ ಬೇಡ. ವೀಸಾ ಅರ್ಜಿಯಲ್ಲೂ ಮುಹೂರ್ತದ ದಿನವನ್ನೇ ಬರೆಯಿರಿ.

ಹೆಸರಿನದ್ದು ಇದಕ್ಕಿಂತ ದೊಡ್ಡ ತಲೆನೋವು. ಆಧಾರ್‌ನಲ್ಲಿ ಹೆಸರಿನ ಮುಂದೆ "ಎಚ್.ಆರ್." ಅಂತಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಊರು, ಅಪ್ಪನ ಹೆಸರು ಎರಡನ್ನೂ ಸೇರಿಸಿರುತ್ತಾರೆ. ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಬೇರೆ. ನೋಂದಣಿ ಪತ್ರದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರಕ್ಕೆ ಬರಬೇಕು. ಆಧಾರ್‌ನಿಂದ ಹೆಸರು ತಾನಾಗಿ ತುಂಬಿಕೊಂಡರೆ ಬದಲಾಯಿಸುವುದು ಕಷ್ಟ, ಹಾಗಾಗಿ ಮದುವೆಗೆ ಮುಂಚೆಯೇ ಆಧಾರ್ ಸರಿಮಾಡಿಸಿಡಿ. ಹುಡುಗಿ ಈಗಲೇ ಗಂಡನ ಹೆಸರು ಸೇರಿಸಿಕೊಳ್ಳಲು ಹೊರಡುವುದು ಬೇಡ. ಅದು ಕಡ್ಡಾಯವಲ್ಲ, ವೀಸಾ ಆದಮೇಲೆ ಯೋಚಿಸಿದರಾಯಿತು.

ಕನ್ನಡದಲ್ಲಿ ಮಾತ್ರ ಇರುವ ಯಾವ ಕಾಗದ ಇಟ್ಟರೂ ಅನುವಾದಕರ ಸಹಿಯಿರುವ ಇಂಗ್ಲಿಷ್ ಅನುವಾದ ಜೊತೆಗಿರಲಿ. ದುಬೈ ಕಡೆಯವರಿಗೆ ಕೆಲಸ ಇನ್ನೊಂದಿಷ್ಟಿದೆ. ರಾಜ್ಯದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಅವರ ರಾಯಭಾರ ಕಚೇರಿ. ವಿದೇಶಕ್ಕೆ ಹೋಗುವ ಕಾಗದಕ್ಕೆ ಹಾಕುವ ಅಪೊಸ್ಟಿಲ್ ಅನ್ನುವ ದೃಢೀಕರಣ ಇದೆಯಲ್ಲ, ಭಾರತದ್ದನ್ನು ಜರ್ಮನಿಯವರು ಒಪ್ಪುವುದಿಲ್ಲ, ಏಜೆಂಟ್ ಮಾತು ಕೇಳಿ ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ತಮ್ಮಾ, ನಿನ್ನ ಏಜೆಂಟ್ ಮುಂಗಡ ತೆಗೆದುಕೊಂಡಿದ್ದರೆ ಇವತ್ತೇ ವಾಪಸ್ ಕೇಳು. ಪುರೋಹಿತರಿಗೆ ಫೋನ್ ಮಾಡಿ ಡಿಸೆಂಬರ್‌ನಲ್ಲಿ ಧಾರೆಗೆ ದಿನ ಇದೆಯಾ ನೋಡಿಸು, ಧನುರ್ಮಾಸ ಶುರುವಾದರೆ ಅವರು ಒಪ್ಪುವುದಿಲ್ಲ.