ಅಂಗಡಿ ಬಾಡಿಗೆ 55,000: ಟಿಡಿಎಸ್ ಐದು ಸಾವಿರಕ್ಕೋ, ಪೂರ್ತಿಗೋ?

ಮಂಡಿಪೇಟೆ ವ್ಯಾಪಾರಿ: ದಾವಣಗೆರೆ ಮಂಡಿಪೇಟೆಯಲ್ಲಿ ನನ್ನ ಅಂಗಡಿ. 2025ರ ಏಪ್ರಿಲ್‌ನಿಂದ ಬಾಡಿಗೆ ತಿಂಗಳಿಗೆ 55,000. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿತ್ತು. ಬಾಡಿಗೆಯಲ್ಲೇ ಮುರಿದು ಸರ್ಕಾರಕ್ಕೆ ಕಟ್ಟೋ ಟಿಡಿಎಸ್ ತೆರಿಗೆ 50,000ದ ಮೇಲಿನ 5,000ಕ್ಕಷ್ಟೇ ಹಿಡಿದರೆ ಸಾಕಾ?

ಹಳೇಪೇಟೆ: 50,000 ಎಲ್ಲಿಂದ ಬಂತು ಅಣ್ಣಾ? ವರ್ಷಕ್ಕೆ 2,40,000 ದಾಟಿದರೆ ಹಿಡಿಯಬೇಕು. ನಾನು ಗೋದಾಮಿಗೆ 45,000 ಕೊಡ್ತೀನಿ, ಪ್ರತಿ ತಿಂಗಳು ಹತ್ತು ಪರ್ಸೆಂಟ್ ಹಿಡೀತೀನಿ.

ಲೆಕ್ಕದ ಮೇಷ್ಟ್ರು: ಹಳೇಪೇಟೆಯವರೇ, ಅದು 2025ರ ಮಾರ್ಚ್‌ವರೆಗಿನ ಮಾತು. ಏಪ್ರಿಲ್ 1ರಿಂದ ವರ್ಷದ ಮಿತಿ ಹೋಗಿ ತಿಂಗಳಿಗೆ 50,000 ಆಯ್ತು. ನಿಮ್ಮ 45,000ಕ್ಕೆ ಈಗ ಹಿಡಿಯೋ ಹಾಗಿಲ್ಲ. ಮಾಲೀಕರ ದುಡ್ಡು ಸುಮ್ಮನೆ ಸಿಕ್ಕಿಕೊಳ್ಳುತ್ತೆ, ಅವರು ರಿಟರ್ನ್ ಹಾಕಿ ವಾಪಸ್ ಪಡೀಬೇಕು.

ಮಂಡಿಪೇಟೆಯವರು ಪೂರ್ತಿ ಬಾಡಿಗೆಗೇ ಹಿಡೀಬೇಕು. ಮಿತಿ ಬಾಗಿಲಿದ್ದ ಹಾಗೆ, ದಾಟಿದ ಮೇಲೆ ಮೊದಲ ರೂಪಾಯಿಂದಲೇ ಲೆಕ್ಕ. 55,000ಕ್ಕೆ ಹತ್ತು ಪರ್ಸೆಂಟ್, 5,500. ಮಾಲೀಕರ ಕೈಗೆ 49,500. ಜೂನ್ ಬಾಡಿಗೆಯಲ್ಲಿ ಹಿಡಿದದ್ದನ್ನು ಜುಲೈ 7ರೊಳಗೆ ಕಟ್ಟಬೇಕು. ಮಾರ್ಚ್‌ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ಇದಕ್ಕೆ ತೆರಿಗೆ ಹಿಡಿಯೋರಿಗೆ ಇಲಾಖೆ ಕೊಡೋ ಟ್ಯಾನ್ ನಂಬರ್ ಬೇಕು.

ಜಗಳ ಆಗೋದು ಇದಾದ ಮೇಲೆ. ದುಡ್ಡು ಕಟ್ಟಿ ಸುಮ್ಮನಾದರೆ ಮಾಲೀಕರ ಹೆಸರಿಗೆ ಜಮಾ ಕಾಣೋದಿಲ್ಲ. ಮೂರು ತಿಂಗಳಿಗೊಮ್ಮೆ ಟಿಡಿಎಸ್ ವಿವರಪಟ್ಟಿ ಸಲ್ಲಿಸಬೇಕು, ಅದರಲ್ಲಿ ಅವರ ಪ್ಯಾನ್ ಸರಿ ಇರಬೇಕು. ಸಲ್ಲಿಸಿದ ಮೇಲೆ ಇಲಾಖೆಯಲ್ಲಿರೋ ಅವರ ತೆರಿಗೆ ಜಮಾ ಪಟ್ಟಿ ತೆಗೆಸಿ ನೋಡಿ. ಅಲ್ಲಿ 5,500 ಕಂಡರೆ ಅವರಿಗೂ ಸಮಾಧಾನ, ನಿಮಗೂ ಸಮಾಧಾನ.

ಕೋಟೆನಾಡು ವೈದ್ಯೆ: ನಾನು ಚಿತ್ರದುರ್ಗದಲ್ಲಿ ಕ್ಲಿನಿಕ್ ನಡೆಸ್ತೀನಿ, ಬಾಡಿಗೆ 52,000. ವರ್ಷದ ಗಳಿಕೆ ಒಟ್ಟು 30 ಲಕ್ಷ. ನಾನೂ ತಿಂಗಳು ತಿಂಗಳು ಹತ್ತು ಪರ್ಸೆಂಟ್ ಹಿಡೀಬೇಕಾ ಸರ್?

ಲೆಕ್ಕದ ಮೇಷ್ಟ್ರು: ಇಲ್ಲ ಮೇಡಂ, ನಿಮ್ಮ ದಾರಿ ಬೇರೆ. ವೃತ್ತಿಯವರ ಹಿಂದಿನ ವರ್ಷದ ಗಳಿಕೆ 50 ಲಕ್ಷ ದಾಟಿರದಿದ್ದರೆ ಎರಡು ಪರ್ಸೆಂಟ್, ಅದೂ ವರ್ಷಕ್ಕೆ ಒಂದೇ ಸಲ. ಹನ್ನೆರಡು ತಿಂಗಳಿಗೆ 6,24,000, ಅದರ ಎರಡು ಪರ್ಸೆಂಟ್ 12,480. ಇಷ್ಟನ್ನೂ ಮಾರ್ಚ್ ಬಾಡಿಗೆಯಲ್ಲಿ ಮುರಿದುಕೊಂಡು 39,520 ಕೊಡಿ. ನಡುವೆ ಕ್ಲಿನಿಕ್ ಖಾಲಿ ಮಾಡಿದರೆ ಕೊನೇ ತಿಂಗಳಲ್ಲೇ ಹಿಡೀಬೇಕು. ಟ್ಯಾನ್ ಬೇಡ. ತಿಂಗಳು ಮುಗಿದ ಮೂವತ್ತು ದಿನದೊಳಗೆ ಇದರ ಚಲನ್ ಫಾರಂ ತುಂಬಿ ಕಟ್ಟಿದರಾಯ್ತು. ಮಾಲೀಕರಿಗೆ ಫೆಬ್ರವರಿಯಲ್ಲೇ ಹೇಳಿಡಿ, ಒಮ್ಮೆಲೇ ಕಡಿಮೆ ಬಂದರೆ ಬೇಜಾರಾಗ್ತಾರೆ.

ಮಂಡಿಪೇಟೆ ವ್ಯಾಪಾರಿ: ಇನ್ನೊಂದು ಐತೆ ಸರ್. ಅಂಗಡಿ ಅಣ್ತಮ್ಮ ಇಬ್ಬರದು, ಪತ್ರದಲ್ಲಿ ಅರ್ಧರ್ಧ. ಬಾಡಿಗೆ ಮಾತ್ರ ಪೂರ್ತಿ ಅಣ್ಣನ ಖಾತೆಗೆ ಹಾಕ್ತೀನಿ.

ಹಳೇಪೇಟೆ: ಹಂಗಾದ್ರೆ ತಲಾ 27,500. ಹಿಡಿಯೋದೇ ಬೇಡ!

ಲೆಕ್ಕದ ಮೇಷ್ಟ್ರು: ಪಾಲು ಖಚಿತವಾಗಿದ್ದರೆ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆ, ಅದು ಸರಿ. ಆದರೆ ದುಡ್ಡೆಲ್ಲ ಒಂದೇ ಖಾತೆಗೆ ಹೋಗ್ತಾ ಇದ್ದರೆ ನಾಳೆ ಪ್ರಶ್ನೆ ಏಳಬಹುದು. ಕರಾರಿನಲ್ಲಿ ಇಬ್ಬರ ಹೆಸರೂ ಪಾಲೂ ಬರೆದಿದೆಯಾ?

ಮಂಡಿಪೇಟೆ ವ್ಯಾಪಾರಿ: ಅಣ್ಣಂದು ಒಬ್ಬರದೇ ಸಹಿ ಐತೆ.

ಲೆಕ್ಕದ ಮೇಷ್ಟ್ರು: ಹಾಗಿದ್ದರೆ ಕರಾರು ತಿದ್ದಿಸಿ ಇಬ್ಬರ ಖಾತೆಗೂ ಹಾಕೋವರೆಗೆ ನಾನಾದ್ರೆ 5,500 ಹಿಡೀತೀನಿ.

ಹಳೇಪೇಟೆ: ಮಾಲೀಕತ್ವ ಪತ್ರದಲ್ಲಿದ್ದ ಮೇಲೆ ಖಾತೆ ಯಾರದಾದರೇನು? ನಾನು ಒಪ್ಪಲ್ಲ.