ಪದಚರ್ಚೆ: ‘ಪ್ರತಿ ಘಟಕಕ್ಕೆ 6 ರೂಪಾಯಿ’ ಅಂದ್ರೆ ಯಾವುದಕ್ಕೆ?

ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗ ಶಿವಮೊಗ್ಗದಲ್ಲಿ ಪ್ಯಾಕಿಂಗ್ ಸಾಮಾನು ಸಪ್ಲೈ ಮಾಡ್ತಾನೆ, ಊಟದ ಡಬ್ಬಿ, ಮುಚ್ಚಳ, ಕವರ್ ಇಂಥವು. ಕ್ಲೌಡ್ ಕಿಚನ್ ನಡೆಸೋರಿಗೆ ಇಂಗ್ಲಿಷಲ್ಲಿ ಕಳಿಸ್ತಿದ್ದ ರೇಟಿನ ಇಮೇಲನ್ನ ಈ ಸಲ ಯಾರ ಹತ್ರನೋ ಕನ್ನಡಕ್ಕೆ ಮಾಡ್ಸಿ ಕಳಿಸಿದ್ದ. ಮುಖ್ಯ ಸಾಲು ಇದು: "750 ಎಂಎಲ್ ಧಾರಕ, ಪ್ರತಿ ಘಟಕಕ್ಕೆ 6 ರೂಪಾಯಿ, ಕನಿಷ್ಠ ಆರ್ಡರ್ 500, ಮಾದರಿ ಪೆಟ್ಟಿಗೆ ಉಚಿತ."

ವಿನೋಬನಗರದ ಒಬ್ಬ ಅಕ್ಕನಿಗೆ ಎರಡು ಕಡೆ ಕಿಚನ್ ಇದೆ, ಅವರು ‘ಘಟಕ’ ಅಂದ್ರೆ ತಮ್ಮ ಒಂದೊಂದು ಕಿಚನ್ ಅಂತ ತಿಳ್ಕೊಂಡು ಫೋನ್ ಮಾಡಿದ್ರು. ಇನ್ನೊಬ್ರು 500 ರೂಪಾಯಿಗೆ ತಗೊಂಡ್ರೆ ಸಾಕು ಅಂದ್ಕೊಂಡ್ರು. ಮೂರನೆಯವರದ್ದು ನನಗೆ ನಿಜಕ್ಕೂ ಬೇಜಾರಾಗಿದ್ದು. 500 ಡಬ್ಬಿಗೆ 3000 ಅಂತ ಲೆಕ್ಕ ಹಾಕಿ ಊಟದ ರೇಟೂ ಹಾಗೇ ಇಟ್ಬಿಟ್ಟಿದ್ರು, ಬಿಲ್ ಬಂದಾಗ ಮುಚ್ಚಳ ಬೇರೆ, ಒಂದಕ್ಕೆ 2ರಂತೆ 1000, ಆಟೋ ಬಾಡಿಗೆ 300, ಒಟ್ಟು 4300. ಅಂದ್ರೆ ಒಂದು ಪಾರ್ಸಲ್‌ಗೆ ಬಿದ್ದಿದ್ದು 8 ರೂಪಾಯಿ 60 ಪೈಸೆ. 2 ರೂಪಾಯಿ 60 ಪೈಸೆ ಅಂದ್ರೆ ಸಣ್ಣದು ಅನ್ಸತ್ತೆ, ಆದ್ರೆ 500 ಊಟಕ್ಕೆ 1300 ಅವರ ಕೈಯಿಂದ ಹೋಯ್ತು. ಇದು ಭಾಷೆಯಿಂದ ಆದ ನಷ್ಟ ಅಂತ ನನ್ನ ಅನಿಸಿಕೆ. ‘ಯೂನಿಟ್’ಗೆ ಎಂತ ಬರೀಬೇಕು? ‘ತಲಾ 6 ರೂಪಾಯಿ’ ಅಂದ್ರೆ ಆಗತ್ತಾ?

ಸಾಗರದಿಂದ ಒಬ್ಬರು:

ತಲಾ ಬೇಡ. ಅದು ತಲೆಯಿಂದ ಬಂದಿದ್ದು, ಮನುಷ್ಯರಿಗೆ ಮಾತ್ರ, ತಲಾ ಆದಾಯ ಅಂತೀವಲ್ಲ ಹಾಗೆ. ಡಬ್ಬಿಗೆ ತಲೆ ಇಲ್ಲ. ಯೂನಿಟ್ ಅಂತ್ಲೇ ಬರೀರಿ, ಎಲ್ರಿಗೂ ಗೊತ್ತು.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:

ತಲೆಯಿಂದ ಬಂದಿದ್ದು ಸರಿ, ಮನುಷ್ಯರಿಗೆ ಮಾತ್ರ ಅನ್ನೋದು ಸರಿಯಲ್ಲ, ‘ಎರಡು ಲಾರಿಗಳಲ್ಲಿ ತಲಾ 100 ಚೀಲ’ ಅಂತ ಬರೀತೀವಲ್ಲ. ಆದ್ರೆ ಅಲ್ಲಿ ಹಂಚಿಕೆ ಇರತ್ತೆ, ರೇಟು ಹೇಳಕ್ಕೆ ಅದು ಹೊಂದಲ್ಲ. ಇನ್ನು ಯೂನಿಟ್ ಅಂದ್ರೆ ನಮ್ಮ ಕಡೆ ಮೊದ್ಲು ನೆನಪಾಗೋದು ಮೆಸ್ಕಾಂ ಕರೆಂಟ್ ಬಿಲ್ಲು. ‘ಘಟಕ’ ಅಂದ್ರೆ ಪಕ್ಷದ ಜಿಲ್ಲಾ ಘಟಕ, ಹಾಲು ಪ್ಯಾಕ್ ಮಾಡೋ ಘಟಕ, ಹಾಗಾಗಿ ಆ ಅಕ್ಕ ಓದಿದ್ದರಲ್ಲಿ ತಪ್ಪೇ ಇಲ್ಲ.

ನೀವು ‘ಪ್ರತಿ’ಗೆ ಪದ ಹುಡುಕ್ತಾ ಇದ್ದೀರಿ, ಕನ್ನಡದಲ್ಲಿ ಆ ಕೆಲಸ ಚತುರ್ಥಿ ವಿಭಕ್ತಿಯೇ ಮಾಡತ್ತೆ. ಕೆಜಿಗೆ 60, ದಿನಕ್ಕೆ 500 ಅಂತೀವಿ, ಪ್ರತಿ ಅನ್ನೋದು ಬೇಕಾಗೇ ಇಲ್ಲ. ‘ಡಬ್ಬಿಗೆ 6’ ಅಂದ್ರೆ ಮುಗೀತು. ಆದ್ರೆ ವಿಭಕ್ತಿ ಹಚ್ಚಬೇಕಾದ್ರೆ ಯಾವುದಕ್ಕೆ ಅನ್ನೋದು ಹೇಳ್ಲೇಬೇಕು, ಬರೀ ಡಬ್ಬಿಗೋ, ಮುಚ್ಚಳ ಸೇರಿದ ಜೋಡಿಗೋ. ‘ಘಟಕ’ ಅಂದಾಗ ಈ ಪ್ರಶ್ನೆನೇ ಮರೆಯಾಗಿಬಿಡತ್ತೆ.

ಹೊಸನಗರದ ಕಡೆಯಿಂದ ಒಬ್ಬರು:

ನಾವು ಅಡಿಕೆ ಹಾಳೆ ತಟ್ಟೆ ಮಾಡ್ತೀವಿ. ನೀವು ಹಾಳೆ ತಟ್ಟೆಲೇ ಪಾರ್ಸಲ್ ಮಾಡಿ ಮಾರಾಯ್ರೆ, ಮುಚ್ಚಳದ ತಲೆಬಿಸಿನೇ ಇಲ್ಲ. ನಾವು ನೂರರ ಕಟ್ಟಿನ ಲೆಕ್ಕದಲ್ಲಿ ಕೊಡೋದು.

ಕ್ಲೌಡ್ ಕಿಚನ್ ನಡೆಸೋ ತಂಗಿ, ಭದ್ರಾವತಿ:

ಅಣ್ಣ, ಹಾಳೆ ತಟ್ಟೆ ಒಣ ತಿಂಡಿಗೆ ಚೆನ್ನ, ಸಾರು ಹಾಕಿ ಬೈಕಲ್ಲಿ ಕಳಿಸಕ್ಕೆ ಆಗಲ್ಲ, ಹೀರ್ಕೊಳ್ಳತ್ತೆ. ನನ್ನ ಪ್ರಶ್ನೆ ‘ಕನಿಷ್ಠ ಆರ್ಡರ್ 500’ ಬಗ್ಗೆ. ಊಟದ ಆ್ಯಪಲ್ಲಿ ಕನಿಷ್ಠ ಆರ್ಡರ್ ಅಂದ್ರೆ ರೂಪಾಯಿ, ಅದೇ ಅಭ್ಯಾಸದಲ್ಲಿ ನಾವು ಓದ್ತೀವಿ. ಡಬ್ಬಿ ಅಂತ ಗೊತ್ತಾದ್ಮೇಲೂ 250, 500, 750 ಎಂಎಲ್ ಮೂರೂ ಸೇರಿ 500 ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಸೈಜಿಗೆ 500, ಒಟ್ಟು 1500. ಇಡಕ್ಕೆ ಮನೇಲಿ ಜಾಗನೇ ಇರ್ಲಿಲ್ಲ. ‘ಒಂದೊಂದು ಸೈಜಲ್ಲೂ 500 ಡಬ್ಬಿಗಿಂತ ಕಮ್ಮಿ ಕೊಡಲ್ಲ’ ಅಂತ ನೇರ ಬರೀಲಿ.

ಮೇಷ್ಟ್ರು:

‘ಕೊಡಲ್ಲ’ ಅನ್ನೋದು ಮಾರೋರ ಬಾಯಲ್ಲಿ ಒರಟು. ‘ಒಂದೊಂದು ಸೈಜಲ್ಲೂ 500 ಡಬ್ಬಿಯಿಂದ ಮೇಲೆ’ ಅನ್ನಿ.

ತಂಗಿ:

ಒರಟಾದ್ರೂ ಪರವಾಗಿಲ್ಲ ಸರ್, ಅರ್ಥ ಆದ್ರೆ ಸಾಕು. ‘ಮೇಲೆ’ ಅಂದ್ರೆ ಸರಿಯಾಗಿ 500 ತಗೋಬಹುದೋ ಇಲ್ವೋ ಅಂತ ಮತ್ತೆ ಫೋನ್ ಮಾಡ್ಬೇಕಾಗತ್ತೆ.

ಮೊದಲು ಕೇಳಿದವರು:

ಸದ್ಯಕ್ಕೆ ಹೀಗೆ ಬರ್ದಿದ್ದೀನಿ: "750 ಎಂಎಲ್ ಡಬ್ಬಿ, ಮುಚ್ಚಳ ಸೇರಿ ಒಂದಕ್ಕೆ 8 ರೂಪಾಯಿ. ಆಟೋ ಬಾಡಿಗೆ ಬೇರೆ. ಒಂದೊಂದು ಸೈಜಲ್ಲೂ ಕಮ್ಮಿ ಅಂದ್ರೆ 500 ಡಬ್ಬಿ ತಗೋಬೇಕು."

ಉಳಿದಿದ್ದು ‘ಮಾದರಿ ಪೆಟ್ಟಿಗೆ’. ನಮ್ಮ ಚಿಕ್ಕಮ್ಮನ ಮಗ ಕೊಡೋದು ಒಂದೇ ಡಬ್ಬಿ, ಅದೂ ಮುಚ್ಚಳ ಇಲ್ದೆ, ಓದಿದವರು ಎಲ್ಲಾ ಸೈಜೂ ತುಂಬಿರೋ ಒಂದು ಪೆಟ್ಟಿಗೆ ಬರತ್ತೆ ಅಂತ ಕಾಯ್ತಾರೆ. ಮುಚ್ಚಳ ಇಲ್ದೆ ಸ್ಯಾಂಪಲ್ ಕೊಟ್ಟು ಪ್ರಯೋಜನ ಇಲ್ಲ, ಬಿಸಿ ಸಾರು ತುಂಬಿ ಮುಚ್ಚಿ ಅರ್ಧ ಗಂಟೆ ಬೋರಲು ಇಟ್ಟು ನೋಡಿದ್ರೆ ತಾನೇ ಸೋರತ್ತೋ ಇಲ್ವೋ ಗೊತ್ತಾಗೋದು, ಅದನ್ನ ಅವನಿಗೆ ಹೇಳಿ ಒಪ್ಪಿಸಿದ್ದೀನಿ. ‘ನೋಡಕ್ಕೆ ಒಂದು ಡಬ್ಬಿ, ಮುಚ್ಚಳ ಸಮೇತ, ಪುಕ್ಕಟೆ’ ಅಂದ್ರೆ ಸಾಕಾ, ಇಲ್ಲಾ ಸ್ಯಾಂಪಲ್ ಅಂತ್ಲೇ ಬಿಡ್ಲಾ?